ಬಲಕ್ಕೆ ತಳ್ಳಿದ ಚೆಂಡೆ

ನಮ್ಮ ಮನೆಯಲ್ಲಿ ಮಾತಿಗಿಂತ ಮೊದಲು ಕೈ ಹೋಗುತ್ತಿತ್ತು. ಅಪ್ಪ ಇದ್ದಾಗ ಅಪ್ಪನ ಕೈ, ಅಪ್ಪ ಹೋದ ಮೇಲೆ ನಮ್ಮಿಬ್ಬರ ಕೈ. ಅಣ್ಣ ನನಗಿಂತ ನಾಲ್ಕು ವರ್ಷ ದೊಡ್ಡವನು, ಚೆಂಡೆಯವನು, ಮೊಣಕೈಯಿಂದ ಕೆಳಗೆ ಒನಕೆ. ನಾನು ಸಪೂರ, ಆದರೆ ಎಡಚ. ಎಡಗೈ ಯಾವ ಕಡೆಯಿಂದ ಬರುತ್ತದೆಂದು ಎದುರಿನವನಿಗೆ ತಿಳಿಯುವುದರೊಳಗೆ ಬಿದ್ದಿರುತ್ತದೆ. ಇದನ್ನು ಹೆಮ್ಮೆಗಾಗಿ ಹೇಳುತ್ತಿಲ್ಲ, ಮುಂದೆ ಬೇಕಾಗುತ್ತದೆಂದು ಹೇಳುತ್ತಿದ್ದೇನೆ.

ನನಗೆ ಇಪ್ಪತ್ತಾಗಿದ್ದಾಗ ಹೆಮ್ಮಾಡಿಯ ನಮ್ಮ ಮನೆ ಹತ್ತಿರದ ಭಜನಾ ಮಂದಿರದ ಹಿಂದೆ ಒಂದು ಜಗಳವಾಯಿತು. ನಾನು ಆಗಷ್ಟೇ ಮದ್ದಲೆ ಕಲಿಯುತ್ತಿದ್ದೆ. ಹತ್ತು ಜನರ ಎದುರು ಅಣ್ಣ, ಇವನ ಮದ್ದಲೆ ಕೇಳಿದರೆ ಯಾರೋ ಹಿಟ್ಟು ಕಲಸುತ್ತಿದ್ದಾರೆ ಅನ್ನಿಸುತ್ತದೆ ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಅವನು ಹಿಂದುಗಡೆ ಬಂದಾಗ ಎಡಗೈಯನ್ನು ಅಗಲ ಬಿಡಿಸಿ ಅವನ ಕೆನ್ನೆಗೆ ಬಾರಿಸಿದೆ. ಕೆನ್ನೆಗೆಂದು ಬೀಸಿದ್ದು, ಬಿದ್ದದ್ದು ಕಿವಿಗೆ. ಅವನು ಕಿವಿ ಹಿಡಿದುಕೊಂಡು ಕುಕ್ಕರುಗಾಲಲ್ಲಿ ಕುಳಿತುಬಿಟ್ಟ, ತಿರುಗಿ ಹೊಡೆಯಲಿಲ್ಲ. ಆ ದಿನ ನಾನು ಗೆದ್ದೆನೆಂದೇ ತಿಳಿದಿದ್ದೆ. ನಾಲ್ಕು ದಿನ ಅಮ್ಮ ಬೆಳ್ಳುಳ್ಳಿ ಹಾಕಿ ಕಾಯಿಸಿದ ತೆಂಗಿನೆಣ್ಣೆಯನ್ನು ಅವನ ಕಿವಿಗೆ ಬಿಟ್ಟರು. ಅಲ್ಲಿಗೆ ಆ ಸುದ್ದಿ ಮುಗಿಯಿತು.

ಹದಿನೈದು ವರ್ಷ ಕಳೆಯಿತು. ಅಣ್ಣ ಒಂದು ಬಡಗುತಿಟ್ಟು ಯಕ್ಷಗಾನ ಮೇಳದಲ್ಲಿ ಎರಡನೇ ಚೆಂಡೆಯವನಾಗಿ ಸೇರಿ ಅಲ್ಲೇ ಉಳಿದ. ಸಂಜೆ ಹೊತ್ತಿನ ಪೂರ್ವರಂಗ, ಸಣ್ಣಪುಟ್ಟ ಪ್ರಸಂಗದ ತುಂಡು ಅವನ ಪಾಲು. ಪ್ರಧಾನ ಚೆಂಡೆಯ ಕುರ್ಚಿ ಬೇರೆಯವರದ್ದು. ನಾನು ತಲ್ಲೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟೆ, ಮನೆಯ ಹಿಂದಿನ ಕೋಣೆಯಲ್ಲಿ ಹಳೆ ಲ್ಯಾಪ್‌ಟಾಪು, ಎರಡು ಮೈಕು ಸಿಕ್ಕಿಸುವ ಒಂದು ಸಣ್ಣ ಪೆಟ್ಟಿಗೆ, ಒಂದು ಒಳ್ಳೆಯ ಹೆಡ್‌ಫೋನು ಇಟ್ಟುಕೊಂಡು ಹಾಡು ರೆಕಾರ್ಡ್ ಮಾಡುವ ಹುಚ್ಚು ಹತ್ತಿಸಿಕೊಂಡೆ. ಗೋಡೆಗೆ ಹಳೆ ಹಾಸಿಗೆಗಳನ್ನು ಕಟ್ಟಿದ್ದೆ. ಮೌಸು ಎಡಕ್ಕೆ.

ಆ ವರ್ಷದ ತಿರುಗಾಟ ಮುಗಿದು ಮೇಳ ಗೆಜ್ಜೆ ಬಿಚ್ಚಿ ಒಂದು ತಿಂಗಳಾಗಿತ್ತು. ಕಿರಿಮಂಜೇಶ್ವರದ ಕಡೆಯ ಒಬ್ಬ ಯಜಮಾನರು ಹೊಸ ಮೇಳ ಹೊರಡಿಸುತ್ತಿದ್ದರು, ಪ್ರಧಾನ ಚೆಂಡೆಗೆ ಜನ ಬೇಕಾಗಿತ್ತು. ಅಣ್ಣನ ಚೆಂಡೆ ಕೇಳಿ ನೋಡಬೇಕು, ಒಂದು ಪದ್ಯ ಕಳಿಸಲಿ ಎಂದರಂತೆ. ಅಣ್ಣನಿಗೆ ನಲವತ್ತು ಹತ್ತಿರವಾಗಿತ್ತು. ಈ ಸಲ ಪ್ರಧಾನ ಸ್ಥಾನ ಸಿಗದಿದ್ದರೆ ಜೀವಮಾನವಿಡೀ ಎರಡನೆಯವನೇ ಎಂಬುದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವನು ನನ್ನ ಹತ್ತಿರ ಏನನ್ನೂ ಕೇಳಿದವನಲ್ಲ. ಅಂದು ಬಾಗಿಲಲ್ಲಿ ನಿಂತು, ಒಂದು ರೆಕಾರ್ಡ್ ಮಾಡಿಕೊಡುತ್ತೀಯಾ ಎಂದು ಕೇಳಿದ. ನನಗೆ ಖುಷಿಯಾಯಿತು, ತೋರಿಸಿಕೊಳ್ಳಲಿಲ್ಲ.

ಹಾಡಲು ಬ್ರಹ್ಮಾವರದಿಂದ ಒಬ್ಬ ನಿವೃತ್ತ ಮಾಷ್ಟ್ರು ಬಂದರು, ಹವ್ಯಾಸಿ ಭಾಗವತರು. ಮೊದಲು ಶ್ರುತಿಪೆಟ್ಟಿಗೆ ಇಟ್ಟು ಅವರ ಪದ್ಯ ಮಾತ್ರ ಹಿಡಿದೆ. ಮರುದಿನ ಅದನ್ನು ಕೇಳುತ್ತಾ ನಾನು ಮದ್ದಲೆ ಬಾರಿಸಿದೆ. ಮೂರನೇ ದಿನ ಮಳೆ ಬಿಟ್ಟ ಹೊತ್ತು ನೋಡಿ ಅಣ್ಣನನ್ನು ಜಗಲಿಯಲ್ಲಿ ನಿಲ್ಲಿಸಿ ಚೆಂಡೆ ಹಿಡಿದೆ. ಒಂದೊಂದನ್ನೂ ಬೇರೆ ಬೇರೆ ಹಿಡಿದದ್ದರಿಂದ ಒಂದರ ಮೈಕಿನಲ್ಲಿ ಇನ್ನೊಂದರ ಸದ್ದು ಸೇರಿರಲಿಲ್ಲ. ಅಣ್ಣ ಹೆಡ್‌ಫೋನಿನ ಎಡದ ಕಪ್ಪನ್ನು ಮಾತ್ರ ಕಿವಿಗಿಟ್ಟು, ಬಲದ್ದನ್ನು ಹಿಂದಕ್ಕೆ ಸರಿಸಿಕೊಂಡು ಬಾರಿಸಿದ. ತನ್ನ ವಾದ್ಯ ನೇರವಾಗಿ ಕೇಳಲೆಂದು ಎಲ್ಲರೂ ಹಾಗೆ ಮಾಡುತ್ತಾರೆ, ನಾನು ಅದರ ಬಗ್ಗೆ ಯೋಚಿಸಲೇ ಇಲ್ಲ. ಒಂದೇ ಸಲಕ್ಕೆ ಬಾರಿಸಿ ಮುಗಿಸಿದ. ಅವನ ಕೈ ಆ ದಿನ ಬೆಂಕಿ.

ಆಮೇಲೆ ಮಿಕ್ಸಿಂಗ್. ಹಾಡನ್ನು ಹದ ಮಾಡುವುದೆಂದರೆ ಒಳಗಿರುವವರ ಹೊಡೆದಾಟ ಬಿಡಿಸುವುದು, ಬೇರೇನಿಲ್ಲ. ಚೆಂಡೆ ಬಿದ್ದ ಕಡೆಯಲ್ಲೆಲ್ಲ ಮಾಷ್ಟ್ರ ಸಾಹಿತ್ಯ ಸತ್ತುಹೋಗುತ್ತಿತ್ತು. ಸ್ವರ ಏರಿಸಿದೆ. ಮದ್ದಲೆ ಮುಳುಗಿತು. ಮದ್ದಲೆ ಏರಿಸಿದೆ. ಚೆಂಡೆ ಮೊಂಡಾಯಿತು. ಅದನ್ನೂ ಏರಿಸಿದೆ. ಕೊನೆಗೆ ಒಟ್ಟು ಸದ್ದಿನ ಪಟ್ಟಿ ಕೆಂಪಿಗೆ ಬಡಿದು ಎಲ್ಲ ಕರಕರ ಒಡೆಯತೊಡಗಿತು. ಸಿಟ್ಟಿನಲ್ಲಿ ಮೇಜಿಗೆ ಗುದ್ದಿದೆ, ಚಾ ಲೋಟ ಉರುಳಿ ತೊಡೆ ಸುಟ್ಟಿತು. ನಾನು ಆಗಲೂ ಕಲಿಯುತ್ತಿದ್ದವನೇ, ಏರಿಸುವುದಕ್ಕಿಂತ ಇಳಿಸುವುದರಲ್ಲಿ ಕೆಲಸ ಇದೆ ಎಂಬ ಬುದ್ಧಿ ತೊಡೆ ಸುಟ್ಟ ಮೇಲೆ ಬಂತು.

ಎಲ್ಲವನ್ನೂ ಪೂರ್ತಿ ಕೆಳಗೆ ಎಳೆದು ಹೊಸದಾಗಿ ಶುರು ಮಾಡಿದೆ. ಮೊದಲು ಸ್ವರ ಒಂದೇ, ಅದರ ಸುತ್ತ ಉಳಿದವು. ಸ್ವರದಲ್ಲಿ ನೂರು ಹರ್ಟ್ಸಿನ ಕೆಳಗಿದ್ದ ಫ್ಯಾನಿನ ಗುಂಯ್‌ಗುಡುವಿಕೆಯನ್ನು ಕತ್ತರಿಸಿದೆ. ಮುನ್ನೂರರ ಆಸುಪಾಸು ಒಂದು ಡಬ್ಬಿಯೊಳಗಿನಿಂದ ಹಾಡಿದ ಹಾಗಿತ್ತು, ಅಲ್ಲಿ ಸ್ವಲ್ಪ ತಗ್ಗಿಸಿದೆ. ಮೂರು ನಾಲ್ಕು ಸಾವಿರದ ಹತ್ತಿರ ಅಕ್ಷರಗಳ ಸ್ಪಷ್ಟತೆ ಇರುತ್ತದೆ, ಚೆಂಡೆಯ ಕೋಲು ಚರ್ಮಕ್ಕೆ ತಾಗುವ ಚಟ್ ಸದ್ದಿನ ದೊಡ್ಡ ಪಾಲೂ ಅಲ್ಲೇ. ಚೆಂಡೆಯ ಆ ಜಾಗವನ್ನು ಮೂರು ಡೆಸಿಬಲ್ ಇಳಿಸಿದೆ. ಆದರೂ ಇಬ್ಬರೂ ಒಬ್ಬರ ಕಾಲು ಒಬ್ಬರು ತುಳಿಯುತ್ತಿದ್ದರು.

ಆಗ ಪ್ಯಾನ್ ಗುಂಡಿ ಕಣ್ಣಿಗೆ ಬಿತ್ತು. ಯಾವ ಸದ್ದು ಎಡಕ್ಕೆ, ಯಾವುದು ಬಲಕ್ಕೆ ಎಂದು ತಿರುಗಿಸುವ ಗುಂಡಿ. ನಾನು ಕಂಡ ರಂಗಸ್ಥಳದಲ್ಲಿ ಚೆಂಡೆ ನಿಲ್ಲುವುದು ನೋಡುವವರ ಬಲಕ್ಕೆ. ಹಾಗೇ ಮಾಡೋಣವೆಂದು ಸ್ವರ, ಶ್ರುತಿ ನಡುವೆ ಬಿಟ್ಟು, ಮದ್ದಲೆಯನ್ನು ಎಡದ ಕೊನೆಗೆ, ಚೆಂಡೆಯನ್ನು ಬಲದ ಕೊನೆಗೆ ತಿರುಗಿಸಿದೆ. ಪೂರ್ತಿ ಕೊನೆಗೆ. ಸ್ವಲ್ಪ ಸರಿಸಿದರೆ ಸಾಕಾಗಿತ್ತು, ನನಗೆ ಯಾವುದರಲ್ಲೂ ಸ್ವಲ್ಪ ಎಂಬುದು ಗೊತ್ತಿಲ್ಲ. ಹೆಡ್‌ಫೋನಿನಲ್ಲಿ ಕೇಳಿದರೆ ಮೈ ಜುಂ ಎಂದಿತು. ಮಾಷ್ಟ್ರು ಎದುರು, ಎಡ ಕಿವಿಯಲ್ಲಿ ನಾನು, ಬಲ ಕಿವಿಯಲ್ಲಿ ಅಣ್ಣ. ಜನ್ಮದಲ್ಲಿ ಮೊದಲ ಸಲ ನಾವಿಬ್ಬರು ಒಂದೇ ಕೋಣೆಯಲ್ಲಿ ಜಗಳವಿಲ್ಲದೆ ಕುಳಿತಿದ್ದೆವು. ಅಮ್ಮನ ಮೊಬೈಲಿಗೂ ಒಂದು ಪ್ರತಿ ಹಾಕಿಕೊಟ್ಟೆ.

ಮಧ್ಯಾಹ್ನ ಊಟದ ಹೊತ್ತಿಗೆ ಅಣ್ಣನನ್ನು ಕರೆದೆ. ಕೈ ಒರೆಸಿಕೊಂಡು ಬಂದು ಕುಳಿತ. ಹೆಡ್‌ಫೋನನ್ನು ನಾನೇ ಅವನ ತಲೆಗೆ ಹಾಕಿದೆ, ಎರಡೂ ಕಿವಿ ಸರಿಯಾಗಿ ಮುಚ್ಚುವಂತೆ. ಹಾಡು ಶುರುವಾಯಿತು. ಅವನ ಮುಖ ನೋಡುತ್ತಾ ನಿಂತೆ, ಹೊಗಳಿಕೆಗೆ ಕಾಯುತ್ತಿದ್ದೆ ಅಂತಲೇ ಇಟ್ಟುಕೊಳ್ಳಿ. ಮೊದಲು ಹುಬ್ಬು ಗಂಟಾಯಿತು. ಆಮೇಲೆ ಕುತ್ತಿಗೆಯ ನರ ಉಬ್ಬಿತು. ಪರದೆಯ ಮೇಲೆ ಚೆಂಡೆಯ ಪಟ್ಟಿ ಕುಣಿಯುತ್ತಿತ್ತು, ಅವನು ಅದನ್ನು ನೋಡಲಿಲ್ಲ. ಹೆಡ್‌ಫೋನನ್ನು ಕಿತ್ತು ಗೋಡೆಗೆ ಎಸೆದ, ಹಾಸಿಗೆ ಇದ್ದದ್ದಕ್ಕೆ ಅದು ಉಳಿಯಿತು.

"ನನ್ ಚೆಂಡಿ ಎಲ್ಲಿತ್ತ್?" ಎಂದ. "ನಿನ್ ಮದ್ದಲಿ ಮಾತ್ರ ಇತ್ತ್."

ತಮಾಷೆ ಮಾಡುತ್ತಿದ್ದಾನೆಂದುಕೊಂಡೆ. ಕಿವಿ ತೊಳೆದುಕೊಂಡು ಬಾ ಎಂದೆ. ಬೇರೆ ಯಾವ ಮಾತು ಬೇಕಾದರೂ ಆಡಬಹುದಿತ್ತು.

ಅವನ ಬಲಗೈ ನನ್ನ ಎಡ ಕಿವಿಯ ಮೇಲೆ ಬಿತ್ತು. ತಲೆಯೊಳಗೆ ಏನೋ ಹರಿದ ಸದ್ದು, ಆಮೇಲೆ ಕುಯ್ಯೆಂಬ ಒಂದೇ ರಾಗ. ಬಿದ್ದಲ್ಲಿಂದ ಎದ್ದು ಮೈಕಿನ ಸ್ಟ್ಯಾಂಡ್ ಎತ್ತಿ ಬೀಸಿದೆ, ಅವನ ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು. ಅವನು ಮೂಲೆಯಲ್ಲಿದ್ದ ಚೆಂಡೆ ಕೋಲು ತೆಗೆದುಕೊಂಡ. ಹೆಗಲಿಗೆ, ಬೆನ್ನಿಗೆ, ಅಡ್ಡ ಹಿಡಿದ ಮೊಣಕೈಗೆ ಬಿದ್ದವು, ಲೆಕ್ಕವಿಟ್ಟಿಲ್ಲ. ಹೊಟ್ಟೆಕಿಚ್ಚಿನವನೇ, ನನ್ನ ಅನ್ನಕ್ಕೆ ಮಣ್ಣು ಹಾಕಿದೆಯಲ್ಲ ಎನ್ನುತ್ತಾ ಹೊಡೆದ. ನಾನು ಅವನ ಮುಂಗೈಯನ್ನು ಹಲ್ಲಿನಿಂದ ಕಚ್ಚಿ ಹಿಡಿದೆ, ಉಪ್ಪುಪ್ಪು ರಕ್ತ ಬಾಯಿಗೆ ಬರುವವರೆಗೆ ಬಿಡಲಿಲ್ಲ. ಅಮ್ಮ ಓಡಿಬಂದು ನಡುವೆ ನುಗ್ಗಿದರು. ಯಾರ ಕೈ ತಾಗಿತೋ, ಅವರ ಬಳೆ ಒಡೆದು ನೆಲಕ್ಕೆ ಚೆಲ್ಲಿತು. ಆ ಸದ್ದಿಗೆ ಇಬ್ಬರೂ ನಿಂತೆವು. ಅಣ್ಣ ಚೆಂಡೆಯನ್ನು ಹೆಗಲಿಗೇರಿಸಿ, ಹುಬ್ಬಿಗೆ ಪಂಚೆಯ ತುದಿ ಒತ್ತಿಕೊಂಡು, ಬೈಂದೂರಿನ ಹೆಂಡತಿ ಮನೆಗೆ ಹೊರಟುಹೋದ. ಹೆಂಡತಿ, ಮಕ್ಕಳು ಹೇಗೂ ಅಲ್ಲೇ ಇದ್ದರು.

ಅಮ್ಮ ಬಳೆಚೂರು ಗುಡಿಸಿ, ಆಮೇಲೆ ಮೊಬೈಲು ತೆಗೆದು ಹಾಡು ಹಾಕಿದರು. ಒಂದೇ ಸ್ಪೀಕರಿನ ಹಳೆ ಮೊಬೈಲು, ಎಡ ಬಲ ಎರಡನ್ನೂ ಕಲಸಿ ಒಂದೇ ತೂತಿನಿಂದ ಬಿಡುತ್ತದೆ. ಕೊನೆಯವರೆಗೂ ಕೇಳಿದರು, ಅದರಲ್ಲಿ ಚೆಂಡೆ ಚೆನ್ನಾಗಿಯೇ ಕೇಳುತ್ತಿತ್ತು.

"ಚೆಂಡಿ ಲಾಯ್ಕಲ್ ಕೇಣತ್ತಲೆ ಮಗಾ. ಅವ್ನಿಗ್ ಎಂತ ಮರ್ಲಾ?" ಎಂದರು.

ಮರುಳೇ ಎಂದು ನಾನೂ ತೀರ್ಮಾನ ಮಾಡಿದೆ. ಎರಡು ದಿನ ಕಿವಿ ಸೋರಿತು. ಅಮ್ಮ ಬೆಳ್ಳುಳ್ಳಿ ಎಣ್ಣೆ ಕಾಯಿಸಿ ತಂದರು, ನಾನು ಬಟ್ಟಲನ್ನು ತಳ್ಳಿ ಕುಂದಾಪುರದ ಕಿವಿ ಡಾಕ್ಟರ ಹತ್ತಿರ ಹೋದೆ. ಕಿವಿಯ ತಮಟೆ ಹರಿದಿದೆ ಎಂದರು. ನೀರು ತಾಗಿಸಬೇಡಿ, ಎಣ್ಣೆಯಂತೂ ಬಿಡಲೇಬೇಡಿ, ಕೀವು ತುಂಬಿದರೆ ಕಿವಿ ಹೋಗುತ್ತದೆ, ಬೇಗ ಬಂದಿರಿ, ಒಂದೂವರೆ ಎರಡು ತಿಂಗಳಲ್ಲಿ ತಾನಾಗಿ ಕೂಡಿಕೊಳ್ಳುತ್ತದೆ ಎಂದರು. ಬಚ್ಚಲಲ್ಲಿ ಜಾರಿ ಬಿದ್ದೆ ಎಂದು ಹೇಳಿದ್ದೆ. ಅವರು ನನ್ನ ಮೊಣಕೈಯ ಬಾಸುಂಡೆ ನೋಡಿ ಅದಕ್ಕೂ ಒಂದು ಮುಲಾಮು ಬರೆದುಕೊಟ್ಟರು.

ಮೂರನೇ ದಿನ ಬೆಳಿಗ್ಗೆ ಅಂಗಡಿಗೆ ಹೋಗದೆ ಲ್ಯಾಪ್‌ಟಾಪಿನ ಎದುರು ಕುಳಿತೆ. ಅದು ಹಾಡು ಸರಿ ಮಾಡಲಿಕ್ಕಲ್ಲ. ಚೆಂಡೆ ತೆಗೆದಿದ್ದೇನೆ ಎಂದು ತಾನೇ ಹೊಡೆದದ್ದು, ಹಾಗಾದರೆ ನಿಜವಾಗಿಯೂ ತೆಗೆಯುತ್ತೇನೆ, ಚೆಂಡೆಯಿಲ್ಲದ ಹಾಡನ್ನು ಅವನ ಹೆಸರಿನಲ್ಲೇ ಯಜಮಾನರಿಗೆ ಕಳಿಸುತ್ತೇನೆ ಎಂದು ಹಲ್ಲು ಕಚ್ಚಿಕೊಂಡು ಕುಳಿತದ್ದು. ನನ್ನೊಳಗಿನ ವಿಷವನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ. ಎಡ ಕಿವಿಯಲ್ಲಿ ಹತ್ತಿ ಇತ್ತು. ಅದರ ಮೇಲೆಯೇ ಹೆಡ್‌ಫೋನು ಹಾಕಿ, ಅಳಿಸುವ ಮುಂಚೆ ಕೊನೆಯ ಸಲವೆಂದು ಹಾಡು ಬಿಟ್ಟೆ.

ಮಾಷ್ಟ್ರ ಸ್ವರ ಬಂತು. ಚೆಂಡೆ ಬಂತು, ಬಡಿದು ಬಂತು. ನನ್ನ ಮದ್ದಲೆ ಇರಲಿಲ್ಲ.

ಪಿತ್ತ ನೆತ್ತಿಗೇರಿತು. ಹೋಗುವ ಮುಂಚೆ ಕಳ್ಳ ನನ್ನ ಮದ್ದಲೆಯನ್ನೇ ಅಳಿಸಿ ಹೋಗಿದ್ದಾನೆ ಎಂದು ಬಾಯಿಗೆ ಬಂದದ್ದು ಬೈದೆ. ಆದರೆ ಪರದೆಯಲ್ಲಿ ಮದ್ದಲೆಯ ಪಟ್ಟಿ ಏರುತ್ತಾ ಇಳಿಯುತ್ತಾ ಇತ್ತು. ವಯರು ಅಲ್ಲಾಡಿಸಿದೆ, ತುದಿ ಕಿತ್ತು ಚುಚ್ಚಿದೆ. ಇಲ್ಲ. ಕೊನೆಗೆ ಎಡದ ಕಪ್ಪು ಸತ್ತಿದೆಯೇನೋ ಎಂದು ಹೆಡ್‌ಫೋನನ್ನು ತಿರುವಿ, ಎಡದ್ದನ್ನು ಬಲ ಕಿವಿಗೆ ಹಾಕಿಕೊಂಡೆ. ಮದ್ದಲೆ ಬಂತು, ಒಂದೊಂದು ಬೆರಳೂ ಸ್ಪಷ್ಟ. ಚೆಂಡೆ ಹೋಯಿತು.

ಸತ್ತದ್ದು ಕಪ್ಪಲ್ಲ, ನನ್ನ ಕಿವಿ. ಒಂದು ಕಿವಿಯವನಿಗೆ ಆ ಹಾಡಿನಲ್ಲಿ ಅರ್ಧ ಹಿಮ್ಮೇಳವೇ ಇಲ್ಲ. ನನಗೆ ಈಗ ಎಡ ಕಿವಿ ಇಲ್ಲ, ನನಗೆ ಮದ್ದಲೆ ಇಲ್ಲ. ಅವನಿಗೆ ಚೆಂಡೆ ಕೇಳಲಿಲ್ಲವೆಂದರೆ ಅವನಿಗೆ ಇಲ್ಲದ್ದು ಯಾವ ಕಿವಿ? ಕೈ ಮೌಸಿನ ಮೇಲೇ ಇತ್ತು, ಅಳಿಸುವ ಗುಂಡಿಯಿಂದ ಅದನ್ನು ಎತ್ತಿದೆ.

ಒಂದೊಂದಾಗಿ ನೆನಪಾಯಿತು. ಊಟಕ್ಕೆ ಕುಳಿತರೆ ಅವನು ಯಾವಾಗಲೂ ಬಲಕ್ಕೆ ಗೋಡೆ ಇರುವ ಜಾಗವನ್ನೇ ಹಿಡಿಯುತ್ತಾನೆ. ಬೈಕಿನ ಹಿಂದೆ ಕುಳಿತು ಬಲಗಡೆಯಿಂದ ಮಾತಾಡಿದರೆ ಉತ್ತರ ಕೊಡುವುದಿಲ್ಲ, ಅಹಂಕಾರ ಎಂದು ನಾನು ಬೈಯುತ್ತಿದ್ದೆ. ರಂಗಸ್ಥಳದಲ್ಲಿ ಮೈಯನ್ನು ಪೂರ್ತಿ ತಿರುಗಿಸಿ ಭಾಗವತರ ತುಟಿಯನ್ನೂ ಜಾಗಟೆಯ ಕೈಯನ್ನೂ ರೆಪ್ಪೆ ಹೊಡೆಯದೆ ನೋಡುತ್ತಾ ಬಾರಿಸುತ್ತಾನೆ. ಭಾಗವತರ ಮೇಲೆ ಅಷ್ಟು ಭಕ್ತಿ ಇರುವ ಚೆಂಡೆಯವನನ್ನು ನೋಡಿಲ್ಲ ಎಂದು ಜನ ಹೊಗಳುತ್ತಿದ್ದರು. ಭಕ್ತಿ ಅಲ್ಲ ಅದು. ಕೇಳದ್ದನ್ನು ಅವನು ಕಣ್ಣಿನಲ್ಲಿ ಹಿಡಿಯುತ್ತಿದ್ದ.

ಲ್ಯಾಪ್‌ಟಾಪು, ಮೌಸು, ಹೆಡ್‌ಫೋನು ಚೀಲಕ್ಕೆ ಹಾಕಿಕೊಂಡು ಬೈಂದೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಇಪ್ಪತ್ತು ವರ್ಷ ಚೆಂಡೆಯ ಪಕ್ಕ ನಿಂತರೆ ಯಾರ ಕಿವಿಯಾದರೂ ಹೋದೀತು, ಕಸುಬಿನ ಕಾಯಿಲೆ ಎಂದು. ಮಂದಿರದ ಹಿಂದಿನ ಆ ಸಂಜೆ ಮನಸ್ಸಿನ ಬಾಗಿಲು ತಟ್ಟುತ್ತಿತ್ತು, ನಾನು ತೆರೆಯಲಿಲ್ಲ. ಎಡಗೈಯನ್ನು ಚೀಲದ ಕೆಳಗೆ ಇಟ್ಟುಕೊಂಡಿದ್ದೆ.

ಅಣ್ಣ ಅಂಗಳದ ಚಪ್ಪರದಡಿ ಚೆಂಡೆಯ ಹಗ್ಗ ಬಿಗಿಯುತ್ತಿದ್ದ. ಹುಬ್ಬಿಗೆ ಹೊಲಿಗೆ, ಮುಂಗೈಯಲ್ಲಿ ನನ್ನ ಹಲ್ಲಿನ ಗುರುತು. ನನ್ನನ್ನು ಕಂಡವನೇ ಕೋಲು ಹಿಡಿದು ಎದ್ದ. ಇನ್ನೊಂದು ಹೆಜ್ಜೆ ಇಟ್ಟರೆ ಕಾಲು ಮುರಿಯುತ್ತೇನೆ ಎಂದ. ಇಟ್ಟೆ. ಕೋಲು ಮೊಣಕಾಲಿಗೆ ಬಿತ್ತು, ಕಣ್ಣಿಗೆ ಕತ್ತಲೆ ಬಂತು, ಆದರೂ ಬೆಂಚಿನ ಮೇಲೆ ಲ್ಯಾಪ್‌ಟಾಪು ಬಿಡಿಸಿದೆ. ಎರಡೂ ಕೈ ಎತ್ತಿ ತೋರಿಸಿ ಹತ್ತಿರ ಹೋಗಿ, ಹೆಡ್‌ಫೋನನ್ನು ಅವನ ತಲೆಗೆ ಉಲ್ಟಾ ಹಾಕಿದೆ. ಬಲದ ಕಪ್ಪು ಎಡ ಕಿವಿಗೆ. ಹಾಡು ಬಿಟ್ಟೆ. ಏನನ್ನೂ ಬದಲಿಸಿರಲಿಲ್ಲ, ಮೂರು ದಿನದ ಹಿಂದೆ ಕೇಳಿಸಿದ್ದೇ ಹಾಡು.

ಎತ್ತಿದ ಕೋಲು ಎತ್ತಿದಲ್ಲೇ ನಿಂತಿತು. ತನ್ನ ಚೆಂಡೆಯನ್ನು ತಾನು ಕೇಳುತ್ತಿದ್ದ. ಪದ್ಯ ಮುಗಿಸುವ ಬಡಿತಕ್ಕೆ ಮುಂಚಿನ ಆ ಏರಿಕೆಯಲ್ಲಿ ಅವನ ಬೆರಳು ಕೋಲಿನ ಮೇಲೆ ಅಲ್ಲಾಡಿದವು. ಮುಗಿದ ಮೇಲೆ ನಿಧಾನಕ್ಕೆ ಬೆಂಚಿನ ಮೇಲೆ ಕುಳಿತ.

"ಈಗ ನಿನ್ ಮದ್ದಲಿ ಕೇಣ್ತಿಲ್ಲೆ," ಎಂದ. ಹೇಳಿದ ಮೇಲೆ ಅವನಿಗೆ ತಾನು ಹೇಳಿದ್ದು ಏನೆಂದು ತಿಳಿಯಿತು, ಮುಖ ಬಿಳಿಚಿತು.

ಬಲ ಕಿವಿ ಯಾವಾಗಿಂದ ಕೇಳುವುದಿಲ್ಲ ಎಂದು ಕೇಳಿದೆ. ಅವನು ನನ್ನ ಮುಖ ನೋಡಲಿಲ್ಲ. ನನ್ನ ಎಡಗೈ ನೋಡಿದ.

"ನಿಂಗೊತ್ತಿಲ್ಯಾ?" ಎಂದ.

ನನಗೆ ಗೊತ್ತಿತ್ತು. ಬಸ್ಸಿನಲ್ಲೇ ಗೊತ್ತಿತ್ತು. ಬೆಳ್ಳುಳ್ಳಿ ಎಣ್ಣೆಯ ವಾಸನೆ ಮೂಗಿಗೆ ಬಂದ ಹಾಗಾಯಿತು. ಅವನು ತಡೆತಡೆದು ಹೇಳಿದ. ಎಣ್ಣೆ ಬಿಟ್ಟ ಮೇಲೆ ಕೀವಾಯಿತಂತೆ, ತಿಂಗಳುಗಟ್ಟಲೆ ಸೋರಿತಂತೆ, ಆಮೇಲೆ ಆ ಕಡೆ ಮೌನ. ಡಾಕ್ಟರಿಗೆ ತೋರಿಸಿದರೆ ಮೇಳಕ್ಕೆ ಸುದ್ದಿ ಹೋಗುತ್ತದೆ, ಒಂದು ಕಿವಿಯ ಚೆಂಡೆಯವನನ್ನು ಯಾರು ಇಟ್ಟುಕೊಳ್ಳುತ್ತಾರೆ. ಅಮ್ಮನಿಗೆ ಹೇಳಿದರೆ ಎಣ್ಣೆ ಬಿಟ್ಟ ಕೈಯನ್ನು ಸುಟ್ಟುಕೊಂಡಾರು. ನನಗೆ ಹೇಳಿದರೆ ಎಂದು ಶುರು ಮಾಡಿ ಅಲ್ಲಿಗೇ ಬಿಟ್ಟ. ಹದಿನೈದು ವರ್ಷದಲ್ಲಿ ಅವನು ನನಗೆ ನೂರು ಸಲ ಹೊಡೆದಿದ್ದ, ನೂರು ಕೆಟ್ಟ ಮಾತು ಆಡಿದ್ದ, ಈ ಒಂದನ್ನು ಮಾತ್ರ ಆಡಿರಲಿಲ್ಲ. ನಾನು ಅತ್ತೆ. ಚಪ್ಪರದ ಕಂಬಕ್ಕೆ ಎಡಗೈಯನ್ನು ಎರಡು ಮೂರು ಸಲ ಬಡಿದೆ, ಗೆಣ್ಣು ಸುಲಿಯಿತು. ಅವನು ಎದ್ದು ಬಂದು ಮಣಿಕಟ್ಟು ಹಿಡಿದು ಸುಮ್ಮನೆ ಕೂರಿಸಿದ. ಮದ್ದಲೆ ಬಾರಿಸುವ ಕೈ, ಹಾಳು ಮಾಡಿಕೊಳ್ಳಬೇಡ ಎಂದ.

ಆಮೇಲೆ ಕೆಲಸ. ಅವನ ಎಡ ಕಿವಿ, ನನ್ನ ಬಲ ಕಿವಿ, ಇಬ್ಬರಿಗೂ ಸೇರಿ ಒಂದು ತಲೆ. ಚೆಂಡೆಯನ್ನು ಬಲದ ತುದಿಯಿಂದ ನಡುವಿನತ್ತ ತಂದು, ಮೂರರಲ್ಲಿ ಒಂದು ಪಾಲಿನಷ್ಟು ಮಾತ್ರ ಬಲಕ್ಕೆ ಬಿಟ್ಟೆ. ಮದ್ದಲೆಯನ್ನೂ ಅಷ್ಟೇ ಎಡಕ್ಕೆ. ಈಗ ಯಾವ ಒಂದು ಕಿವಿಯಲ್ಲಿ ಕೇಳಿದರೂ ಎರಡೂ ಇದ್ದವು, ಒಂದು ಹತ್ತಿರ, ಒಂದು ಸ್ವಲ್ಪ ದೂರ. ಆದರೆ ನಡುವಿಗೆ ಬಂದ ಕೂಡಲೇ ಚೆಂಡೆ ಮತ್ತೆ ಮಾಷ್ಟ್ರ ಗಂಟಲು ಹಿಡಿಯಿತು. ಮೂರು ನಾಲ್ಕು ಸಾವಿರದ ಜಾಗದಲ್ಲಿ ಇನ್ನೂ ಒಂದು ಡೆಸಿಬಲ್ ತಗ್ಗಿಸಿದೆ, ಸಾಲಲಿಲ್ಲ. ಚೆಂಡೆಯ ಒಟ್ಟು ಸದ್ದನ್ನೇ ತಗ್ಗಿಸಬೇಕಿತ್ತು, ಅಂದರೆ ಅದರ ಫೇಡರ್ ಇಳಿಸಬೇಕಿತ್ತು. ನೇಮಕಕ್ಕೆಂದು ಕಳಿಸುವ ಹಾಡಿನಲ್ಲಿ ಅವನ ಚೆಂಡೆಯನ್ನೇ ಇಳಿಸು ಎಂದು ನಾನು ಯಾವ ಬಾಯಿಂದ ಹೇಳಲಿ? ಫೇಡರಿನ ಮೇಲೆ ಮೌಸು ನಿಲ್ಲಿಸಿ ಅದೇ ಸಾಲನ್ನು ಮತ್ತೆ ಬಿಟ್ಟೆ.

"ಇಳ್ಸ್," ಎಂದ ಅವನೇ. "ಪದ್ಯ ಕೇಣ್ಕ್."

ಎರಡು ಡೆಸಿಬಲ್ ಇಳಿಸಿದೆ. ಮಾಷ್ಟ್ರ ಒಂದೊಂದು ಅಕ್ಷರವೂ ಚೆಂಡೆಯ ನಡುವಿನಿಂದ ಎದ್ದು ಬಂತು. ಅಲ್ಲಿಂದಲೇ ಯಜಮಾನರಿಗೆ ಕಳಿಸಿದೆವು. ಎರಡು ದಿನ ಬಿಟ್ಟು ಅವರು ಫೋನು ಮಾಡಿ, ಕಾರಿನಲ್ಲಿ ಕೇಳಿದೆ, ಬಾರಿಸುವವರು ಬಹಳ ಮಂದಿ ಇದ್ದಾರೆ, ಪದ್ಯ ಕೇಳುವ ಹಾಗೆ ಬಾರಿಸುವವರು ಕಡಿಮೆ ಎಂದರಂತೆ. ಅಣ್ಣ ಪ್ರಧಾನ ಚೆಂಡೆಯವನಾದ. ಎರಡನೇ ವರ್ಷ ಕಿವಿಯ ವಿಷಯವನ್ನು ಅವನೇ ಭಾಗವತರಿಗೆ ಹೇಳಿದ, ಯಾರೂ ತೆಗೆದುಹಾಕಲಿಲ್ಲ. ಹಾಗಾಗಿ ಈಗ ಬರೆಯುತ್ತಿದ್ದೇನೆ.

ನನ್ನ ಕಿವಿ ಎರಡು ತಿಂಗಳಲ್ಲಿ ಕೂಡಿಕೊಂಡಿತು. ಡಾಕ್ಟರು ಬೆಳಕು ಬಿಟ್ಟು ನೋಡಿ, ಗುರುತೂ ಉಳಿದಿಲ್ಲ, ಅದೃಷ್ಟವಂತರು ಎಂದರು. ಆ ಮಾತಿಗೆ ಅವರ ಕಾಲರ್ ಹಿಡಿಯಬೇಕೆನ್ನಿಸಿತು. ಅಣ್ಣನನ್ನೂ ಕರೆದುಕೊಂಡು ಹೋಗಿದ್ದೆ. ಬಹಳ ತಡವಾಗಿದೆ, ಒಳಗಿನ ನರವೇ ಹೋಗಿದೆ ಎಂದರು. ಅವರು ಹೇಳಿದ್ದು ಅವನ ಬಲಗಡೆ ನಿಂತು. ಅವನು ನನ್ನತ್ತ ತಿರುಗಿದ, ನಾನು ಎಡಕ್ಕೆ ಬಂದು ಅದನ್ನೇ ಇನ್ನೊಮ್ಮೆ ಹೇಳಬೇಕಾಯಿತು.

ಈಗಲೂ ಹಿಂದಿನ ಕೋಣೆಯಲ್ಲಿ ಹಾಡು ಹದ ಮಾಡುತ್ತೇನೆ. ಸಿಟ್ಟು ಹೋಗಿಲ್ಲ, ಮೇಜಿಗೆ ಈಗಲೂ ಗುದ್ದುತ್ತೇನೆ. ಆದರೆ ಯಾವ ಹಾಡು ಮುಗಿಸಿದರೂ ಕಳಿಸುವ ಮುಂಚೆ ಹೆಡ್‌ಫೋನಿನ ಬಲದ ಕಪ್ಪನ್ನು ಹಿಂದಕ್ಕೆ ಸರಿಸಿ, ಆ ಕಿವಿಯನ್ನು ಎಡಗೈಯಿಂದ ಮುಚ್ಚಿಕೊಂಡು, ಮೊದಲಿನಿಂದ ಕೊನೆಯವರೆಗೆ ಒಂದು ಸಲ ಕೇಳುತ್ತೇನೆ.